ಒಂದೂವರೆ ಲಕ್ಷದ ಕುಟುಂಬ, ಒಂಬತ್ತು ಸಾವಿರ ವೀಕ್ಷಕರು: ಒಂದು ಮೀಡಿಯಾ ಕಿಟ್ ತಿದ್ದಿದ ಕಥೆ

ಸೆಪ್ಟೆಂಬರ್ ಮೊದಲ ವಾರ ಮೈಸೂರಿನ ಅಕ್ಕ ಒಬ್ಬರು ಫೋನ್ ಮಾಡಿದರು. ಅವರದು ಕನ್ನಡದ ಕೈತೋಟದ ಚಾನೆಲ್. ತಾರಸಿ ಮೇಲೆ ಗ್ರೋ ಬ್ಯಾಗ್ ಇಟ್ಟು ಟೊಮ್ಯಾಟೊ, ಹೀರೆ, ಬೆಂಡೆ ಬೆಳೆಯುತ್ತಾರೆ. ಮೂರು ವರ್ಷದಿಂದ ಅದನ್ನೇ ತೋರಿಸುತ್ತಾ ಬಂದಿದ್ದಾರೆ. ಬೆಂಗಳೂರಿನ ಒಂದು ಹನಿ ನೀರಾವರಿ ಕಿಟ್ ಕಂಪನಿಗೆ ತಮ್ಮ ಮೀಡಿಯಾ ಕಿಟ್, ಅಂದರೆ ಪ್ರಚಾರ ಕೊಡುವ ಕಂಪನಿಗಳಿಗೆ ಚಾನೆಲ್ ಪರಿಚಯಿಸುವ ಕಡತ, ಕಳಿಸಿದ್ದರಂತೆ. ಕಂಪನಿಯವರು ಖುಷಿಯಿಂದ ಮಾತಾಡಿದರು. ಆಮೇಲೆ ಚಾನೆಲ್‌ನ ಅಂಕಿಗಳೆಲ್ಲ ಕಾಣುವ ಯೂಟ್ಯೂಬ್ ಸ್ಟುಡಿಯೊದ ಸ್ಕ್ರೀನ್ ರೆಕಾರ್ಡಿಂಗ್ ಕೇಳಿದರು. ಅಕ್ಕ ಕಳಿಸಿದರು. ಅವತ್ತಿನಿಂದ ಆ ಕಡೆ ಸುದ್ದಿಯೇ ಇಲ್ಲ.

"ನಾನೇನೂ ಸುಳ್ಳು ಹೇಳಿಲ್ಲಪ್ಪ. ಎಲ್ಲಾ ಅಲ್ಲಿರೋ ನಂಬರೇ" ಅಂದರು.

ನಾನು ಕೆಲವು ವರ್ಷ ಜಾಹೀರಾತು ಏಜೆನ್ಸಿಯಲ್ಲಿ ಕ್ರಿಯೇಟರ್‌ಗಳನ್ನು ಆರಿಸುವ ಕೆಲಸ ಮಾಡಿದವನು. ಕಿಟ್ ನೋಡಿದ ಕೂಡಲೇ ಏನಾಗಿರಬಹುದು ಅಂತ ಅಂದಾಜು ಸಿಕ್ಕಿತು. ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರಾಗಲಿ ಕಂಪನಿಗಳ ಹೆಸರಾಗಲಿ ಬೇಡ ಅಂತ ಮಾತಾಗಿದೆ. ಅಂಕಿಗಳನ್ನು ಸ್ವಲ್ಪ ರೌಂಡ್ ಮಾಡಿದ್ದೇನೆ.

ಕಿಟ್‌ನ ಮೊದಲ ಪುಟದಲ್ಲಿದ್ದ ಪರಿಚಯ ಹೀಗಿತ್ತು:

"ಕರ್ನಾಟಕದ ನಂಬರ್ ಒನ್ ಗಾರ್ಡನಿಂಗ್ ಮತ್ತು ಲೈಫ್‌ಸ್ಟೈಲ್ ಕ್ರಿಯೇಟರ್. ಒಂದೂವರೆ ಲಕ್ಷ ಜನರ ದೊಡ್ಡ ಕುಟುಂಬ. ತಿಂಗಳಿಗೆ 20 ಲಕ್ಷ ವ್ಯೂಸ್. ವೀಕ್ಷಕರು ಮುಖ್ಯವಾಗಿ ನಗರದ ಗೃಹಿಣಿಯರು. ಏಳು ಹೆಸರಾಂತ ಬ್ರ್ಯಾಂಡ್‌ಗಳ ಜೊತೆ ಕೆಲಸ ಮಾಡಿದ ಅನುಭವ. ಶೇ. 8ರ ಎಂಗೇಜ್‌ಮೆಂಟ್ ಗ್ಯಾರಂಟಿ."

ಆರು ವಾಕ್ಯ. ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಕೂತು ಒಂದೊಂದೇ ವಾಕ್ಯ ಎತ್ತಿಕೊಂಡೆವು. ಪ್ರತಿ ವಾಕ್ಯಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದು ಯಾವ ಸ್ಕ್ರೀನಿನಲ್ಲಿ ಕಾಣುತ್ತದೆ, ತೋರಿಸಿ. "ನಂಬರ್ ಒನ್" ಯಾವ ಸ್ಕ್ರೀನಿನಲ್ಲೂ ಇರಲಿಲ್ಲ. ಅದನ್ನು ಅಕ್ಕನೇ ಹೊಡೆದು ಹಾಕಿದರು.

ಒಂದೂವರೆ ಲಕ್ಷ ಹೇಗೆ ಬಂತು ಅಂದರೆ, ಯೂಟ್ಯೂಬಿನಲ್ಲಿ 86,000 ಸಬ್‌ಸ್ಕ್ರೈಬರ್, ಇನ್‌ಸ್ಟಾಗ್ರಾಮಿನಲ್ಲಿ 41,000, ಫೇಸ್‌ಬುಕ್ ಪೇಜಿನಲ್ಲಿ 23,000. ಮೂರನ್ನೂ ಕೂಡಿಸಿದ್ದರು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಒಂದೂವರೆ ಲಕ್ಷ ಜನ ಅಲ್ಲ. ಯೂಟ್ಯೂಬಿನಲ್ಲಿ ಇಷ್ಟಪಟ್ಟವರೇ ಇನ್‌ಸ್ಟಾಗ್ರಾಮಿಗೂ ಬಂದಿರುತ್ತಾರೆ. ಅವರಲ್ಲಿ ಎಷ್ಟು ಜನ ಎರಡೂ ಕಡೆ ಇದ್ದಾರೆ ಅಂತ ತಿಳಿಯುವ ದಾರಿ ಯಾವ ಆ್ಯಪಿನಲ್ಲೂ ಇಲ್ಲ. ಹಾಗಾಗಿ ಕೂಡಿಸಿದ ಸಂಖ್ಯೆ ಬರೆಯಲೇಬಾರದು, ಮೂರನ್ನೂ ಬೇರೆ ಬೇರೆ ಬರೆಯಬೇಕು. ಫೇಸ್‌ಬುಕ್ ಪೇಜಿನಲ್ಲಿ ಆರು ತಿಂಗಳಿಂದ ಏನೂ ಹಾಕಿರಲಿಲ್ಲ. ಅದನ್ನು ಪೂರ್ತಿ ಬಿಟ್ಟೆವು.

ನಿಜವಾದ ತೊಡಕು ಇದ್ದದ್ದು 20 ಲಕ್ಷ ವ್ಯೂಸ್‌ನಲ್ಲಿ. ಕಂಪನಿಯವರು ಸುಮ್ಮನಾಗಿದ್ದೂ ಇದೇ ಕಾರಣಕ್ಕೆ ಅಂತ ನನ್ನ ಊಹೆ.

ಜುಲೈನಲ್ಲಿ ಅಕ್ಕ ಒಂದು ಶಾರ್ಟ್ಸ್ ಹಾಕಿದ್ದರು. ಕರಿಬೇವಿನ ಗಿಡಕ್ಕೆ ಹುಳಿ ಮಜ್ಜಿಗೆ ಹಾಕುವುದು, 38 ಸೆಕೆಂಡ್. ಅದೊಂದೇ 13 ಲಕ್ಷ ಓಡಿತು. ಜುಲೈ ಕೊನೆಗೆ ಕಿಟ್ ಬರೆಯುವಾಗ ಸ್ಟುಡಿಯೊದ ಹಿಂದಿನ 28 ದಿನದ ಲೆಕ್ಕದಲ್ಲಿ 20 ಲಕ್ಷ ಕಾಣುತ್ತಿತ್ತು. ಅದನ್ನು ನೋಡಿ "ತಿಂಗಳಿಗೆ 20 ಲಕ್ಷ" ಅಂತ ಬರೆದರು. ನಾವು ಅದನ್ನು ಬಿಡಿಸಿ ನೋಡಿದಾಗ ಶಾರ್ಟ್ಸ್‌ನಿಂದ ಬಂದದ್ದು 18.4 ಲಕ್ಷ, ಉದ್ದ ವಿಡಿಯೊಗಳಿಂದ ಬಂದದ್ದು 1.6 ಲಕ್ಷ. ಆ 1.6 ಲಕ್ಷದಲ್ಲೂ ಮುಕ್ಕಾಲು ಪಾಲು ಹಳೇ ವಿಡಿಯೊಗಳದ್ದು.

ಶಾರ್ಟ್ಸ್ ವ್ಯೂ ಬಗ್ಗೆ ಇನ್ನೊಂದು ವಿಷಯ ಇದೆ. ಬಹಳ ಜನ ಕ್ರಿಯೇಟರ್‌ಗಳು ಇದನ್ನು ಗಮನಿಸಿಲ್ಲ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್ ಎಣಿಸುವ ರೀತಿ ಬದಲಾಯಿತು. ಈಗ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಮತ್ತೆ ಮೊದಲಿಂದ ಓಡಿದರೆ ಇನ್ನೊಂದು. ಇಷ್ಟು ಹೊತ್ತು ನೋಡಲೇಬೇಕು ಅನ್ನುವ ಕಟ್ಟುಪಾಡಿಲ್ಲ. ಹಳೇ ರೀತಿಯ ಎಣಿಕೆ ಸ್ಟುಡಿಯೊದಲ್ಲಿ Engaged views ಅನ್ನುವ ಹೆಸರಲ್ಲಿ ಉಳಿದಿದೆ. ಮಜ್ಜಿಗೆ ಶಾರ್ಟ್ಸ್‌ನ 13 ಲಕ್ಷದಲ್ಲಿ ಅದು 7.1 ಲಕ್ಷ. ಅಂದರೆ ಉಳಿದದ್ದು ಬೆರಳಲ್ಲಿ ಮೇಲಕ್ಕೆ ತಳ್ಳಿ ಹೋದವರು ಮತ್ತು ತಾನಾಗಿ ಮತ್ತೆ ಓಡಿದ್ದು. ಮಾರ್ಚ್‌ಗೆ ಮುಂಚಿನ ಮತ್ತು ಆಮೇಲಿನ ಶಾರ್ಟ್ಸ್ ವ್ಯೂ ಪಕ್ಕಪಕ್ಕ ಇಟ್ಟು "ಎಷ್ಟು ಬೆಳೆದಿದ್ದೇನೆ ನೋಡಿ" ಅಂದರೆ ಅದು ಬೆಳವಣಿಗೆ ಅಲ್ಲ, ಅಳತೆಗೋಲು ಬದಲಾದದ್ದು.

ಹನಿ ನೀರಾವರಿ ಕಿಟ್ ಮಾರುವವನಿಗೆ ಬೇಕಾದದ್ದು ಏನು? ಪೈಪ್ ಜೋಡಿಸುವುದು, ಡ್ರಿಪ್ಪರ್ ಚುಚ್ಚುವುದು, ಟೈಮರ್ ಹಾಕುವುದು, ಇದನ್ನೆಲ್ಲ ಹತ್ತು ನಿಮಿಷ ತೋರಿಸುವ ಉದ್ದ ವಿಡಿಯೊ. ಅವನು ಕೇಳುವ ಪ್ರಶ್ನೆ ಹೀಗಿರುತ್ತದೆ: ನೀವು ನಾಳೆ ನನ್ನ ವಿಡಿಯೊ ಹಾಕಿದರೆ ಒಂದು ತಿಂಗಳಲ್ಲಿ ಎಷ್ಟು ಜನ ನೋಡುತ್ತಾರೆ? 20 ಲಕ್ಷ ಆ ಪ್ರಶ್ನೆಗೆ ಉತ್ತರವೇ ಅಲ್ಲ.

ಉತ್ತರ ಹುಡುಕಲು ಮೇ, ಜೂನ್, ಜುಲೈ ತಿಂಗಳ 12 ಉದ್ದ ವಿಡಿಯೊ ತೆಗೆದುಕೊಂಡೆವು. ಪ್ರತಿಯೊಂದಕ್ಕೂ ಹಾಕಿದ ದಿನದಿಂದ 30 ದಿನದ ವ್ಯೂ ಬರೆದುಕೊಂಡೆವು. ಇವತ್ತಿನ ಒಟ್ಟು ವ್ಯೂ ತೆಗೆದುಕೊಳ್ಳಬಾರದು. ಹಾಗೆ ಮಾಡಿದರೆ ಮೇ ವಿಡಿಯೊಗೆ ನಾಲ್ಕು ತಿಂಗಳು ಸಿಗುತ್ತದೆ, ಜುಲೈ ಕೊನೆಯ ವಿಡಿಯೊಗೆ ಒಂದೇ ತಿಂಗಳು. ಪಟ್ಟಿ ದೊಡ್ಡದರಿಂದ ಚಿಕ್ಕದಕ್ಕೆ ಹೀಗೆ ಬಂತು: 41,000, 14,200, 12,800, 11,900, 10,600, 9,800, 9,100, 8,700, 7,900, 7,200, 6,400, 5,900.

ಸರಾಸರಿ ತೆಗೆದರೆ 12,000 ದಾಟುತ್ತದೆ. ಆದರೆ ಪಟ್ಟಿಯಲ್ಲಿ 12,000 ಮುಟ್ಟಿದ ವಿಡಿಯೊ ಮೂರೇ ಮೂರು. ಆ 41,000 ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಮಧ್ಯದ ಎರಡು ಸಂಖ್ಯೆ 9,800 ಮತ್ತು 9,100. ಅವುಗಳ ನಡುವೆ 9,450. ಇದೇ ನಾಳೆಯ ವಿಡಿಯೊಗೆ ಹತ್ತಿರದ ಅಂದಾಜು, ಯಾಕೆಂದರೆ ಅರ್ಧ ವಿಡಿಯೊಗಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ. ಕಿಟ್‌ನಲ್ಲಿ ಸರಾಸರಿಯ ಬದಲು ಈ ನಡುವಿನ ಸಂಖ್ಯೆ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಜೊತೆಗೆ ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು ಅಂತ ಎರಡೂ ಬರೆಯಬೇಕು.

ಅಕ್ಕನ ಮುಖ ಸಣ್ಣದಾಯಿತು. "20 ಲಕ್ಷದಿಂದ ಒಂಬತ್ತು ಸಾವಿರಕ್ಕೆ ಇಳಿಸಿಬಿಟ್ಟೆಯಲ್ಲೋ" ಅಂದರು. ಇಳಿಸಿದ್ದು ನಾನಲ್ಲ ಅಂತ ಹೇಳಲು ಮನಸ್ಸು ಬರಲಿಲ್ಲ. ಮೂರು ವರ್ಷ ಬಿಸಿಲಲ್ಲಿ ನಿಂತು ಮಾಡಿದ ಕೆಲಸ ಅದು.

ಇಷ್ಟಕ್ಕೇ ನಿಲ್ಲಿಸುವ ಹಾಗೂ ಇರಲಿಲ್ಲ. ಕೈತೋಟಕ್ಕೆ ಕಾಲ ಇದೆ. ಮುಂಗಾರು ಶುರುವಾದಾಗ ಎಲ್ಲರಿಗೂ ಬೀಜ ಹಾಕುವ ಆಸೆ. ನಾವು ಆರಿಸಿದ ಮೂರು ತಿಂಗಳು ಈ ಚಾನೆಲ್‌ನ ಸುಗ್ಗಿ. ಅದೇ ವರ್ಷದ ಜನವರಿಯಿಂದ ಮಾರ್ಚ್‌ವರೆಗಿನ 12 ವಿಡಿಯೊಗೆ ಅದೇ ರೀತಿ ಲೆಕ್ಕ ಹಾಕಿದೆವು. ನಡುವಿನ ಸಂಖ್ಯೆ 6,800. ಫೆಬ್ರವರಿಯಲ್ಲಿ ಪ್ರಚಾರ ಮಾಡಿಸುವ ಕಂಪನಿಗೆ ಮುಂಗಾರಿನ ಅಂಕಿ ತೋರಿಸಿದರೆ ಮೋಸ ಆಗುತ್ತದೆ, ಅಂಕಿ ನಿಜವೇ ಆಗಿದ್ದರೂ. ಅಡುಗೆ, ಪರೀಕ್ಷೆ ತಯಾರಿ, ಹಬ್ಬದ ರಂಗೋಲಿ, ಇಂಥ ಎಲ್ಲ ಚಾನೆಲ್‌ಗಳಿಗೂ ಇದು ಅನ್ವಯಿಸುತ್ತದೆ. ಎರಡೂ ಕಾಲದ ಸಂಖ್ಯೆ ಬರೆಯಲು ಅಕ್ಕ ಒಪ್ಪಿದರು.

ಹೀಗೆ ಕೆದಕುವಾಗಲೇ ಅಕ್ಕನಿಗೆ ಗೊತ್ತಿಲ್ಲದ ಒಂದು ಒಳ್ಳೇ ಸಂಗತಿ ಸಿಕ್ಕಿತು. ಉದ್ದ ವಿಡಿಯೊಗಳ ವ್ಯೂನಲ್ಲಿ ಶೇ. 38 ಯೂಟ್ಯೂಬ್ ಹುಡುಕಾಟದಿಂದ ಬರುತ್ತಿತ್ತು. "ಟೊಮ್ಯಾಟೊ ಎಲೆ ಮುದುಡುವುದು", "ಬೇವಿನ ಹಿಂಡಿ ಬಳಸುವುದು ಹೇಗೆ" ಅಂತ ಜನ ಹುಡುಕಿ ಬರುತ್ತಾರೆ. ಬೇವಿನ ಹಿಂಡಿಯ ವಿಡಿಯೊಗೆ ಎರಡು ವರ್ಷವಾಗಿದೆ. ಇವತ್ತಿಗೂ ತಿಂಗಳಿಗೆ ಸುಮಾರು 3,000 ಜನ ನೋಡುತ್ತಾರೆ. ಗಿಡದ ತೊಂದರೆ ಎದುರಿಗಿಟ್ಟುಕೊಂಡು ಪರಿಹಾರ ಹುಡುಕುವವನು ಬಂದಿದ್ದಾನೆ ಅಂದರೆ ಗೊಬ್ಬರ ಮಾರುವ ಕಂಪನಿಗೆ ಅವನಿಗಿಂತ ಒಳ್ಳೇ ವೀಕ್ಷಕ ಬೇರೆ ಯಾರು? ವಿಡಿಯೊ 11 ನಿಮಿಷದ್ದಾದರೆ ಸರಾಸರಿ 4 ನಿಮಿಷ 50 ಸೆಕೆಂಡ್ ನೋಡುತ್ತಿದ್ದರು. ಇದ್ಯಾವುದೂ ಹಳೇ ಪರಿಚಯದಲ್ಲಿ ಇರಲಿಲ್ಲ. 20 ಲಕ್ಷ ಎಲ್ಲವನ್ನೂ ಮುಚ್ಚಿಬಿಟ್ಟಿತ್ತು.

ಆಮೇಲೆ "ನಗರದ ಗೃಹಿಣಿಯರು" ಅನ್ನುವ ವಾಕ್ಯ. ಅಕ್ಕನಿಗೆ ಇದರ ಬಗ್ಗೆ ಅನುಮಾನವೇ ಇರಲಿಲ್ಲ. ಕಾಮೆಂಟ್ ಮಾಡುವವರು, ಮನೆಗೆ ಬಂದು ಸಸಿ ಕೇಳುವವರು ಎಲ್ಲ ಹೆಂಗಸರೇ. ಸ್ಟುಡಿಯೊದಲ್ಲಿ Age and gender ತೆರೆದೆವು. ಗಂಡಸರು ಶೇ. 61, ಹೆಂಗಸರು ಶೇ. 39. ವಯಸ್ಸು 35 ದಾಟಿದವರು ಶೇ. 75.

"ಅದು ಹೇಗಾಗುತ್ತೆ? ನಮ್ಮ ಮನೆ ಟಿವಿಯಲ್ಲೇ ನೋಡು, ನಮ್ಮೆಜಮಾನರ ಅಕೌಂಟ್ ಹಾಕಿರೋದು. ನಾನು ನೋಡಿದರೂ ಗಂಡಸರ ಲೆಕ್ಕಕ್ಕೇ ಹೋಗುತ್ತೆ ಅಲ್ವಾ?"

ಅವರು ಹೇಳಿದ್ದರಲ್ಲಿ ನಿಜ ಇದೆ. ಲಾಗಿನ್ ಆಗಿರುವ ಅಕೌಂಟಿನ ಲಿಂಗ, ವಯಸ್ಸು ಅಲ್ಲಿ ಕಾಣುತ್ತದೆ. ಸೋಫಾದ ಮೇಲೆ ಯಾರು ಕೂತಿದ್ದಾರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಈ ಚಾನೆಲ್‌ನ ವ್ಯೂನಲ್ಲಿ ಶೇ. 22 ಟಿವಿಯಿಂದ ಬರುತ್ತದೆ. ಮನೆಮಂದಿಯೆಲ್ಲ ಒಂದೇ ಫೋನ್ ಬಳಸುವುದೂ ಇದೆ. ಹಾಗಂತ ಆ ಶೇ. 61ರಲ್ಲಿ ಇಷ್ಟು ಜನ ನಿಜವಾಗಿ ಹೆಂಗಸರು ಅಂತ ನಾವು ಕೂತಲ್ಲೇ ತೀರ್ಮಾನಿಸುವ ಹಾಗಿಲ್ಲ. ನಾನು ಹೇಳಿದ್ದು ಇಷ್ಟು: ಸ್ಕ್ರೀನಿನಲ್ಲಿರುವ ಅಂಕಿ ಹಾಗೇ ಬರೆಯಿರಿ, ಅದು ಲಾಗಿನ್ ಅಕೌಂಟಿನ ಲೆಕ್ಕ ಅಂತ ಪಕ್ಕದಲ್ಲಿ ಹೇಳಿ. ನಿಮ್ಮ ಊಹೆಯನ್ನು ಅಂಕಿಯಾಗಿ ಬರೆಯಬೇಡಿ.

ಇನ್‌ಸ್ಟಾಗ್ರಾಮ್ ತೆರೆದಾಗ ಚಿತ್ರ ತಿರುಗಿಬಿತ್ತು. ಅಲ್ಲಿ ಹೆಂಗಸರು ಶೇ. 68. ಹೆಚ್ಚಿನವರು 25ರಿಂದ 44ರ ವಯಸ್ಸಿನವರು. ಊರಿನ ಪಟ್ಟಿಯಲ್ಲಿ ಬೆಂಗಳೂರು ಶೇ. 31, ಮೈಸೂರು ಶೇ. 9. ಒಬ್ಬರೇ ಅಕ್ಕ, ಅದೇ ತಾರಸಿ, ಆದರೆ ಎರಡು ಬೇರೆ ಸಭೆ. ಯೂಟ್ಯೂಬಿನಲ್ಲಿ ಪೈಪು, ಗೊಬ್ಬರ, ರೋಗದ ಬಗ್ಗೆ ಕಲಿಯಲು ಬರುವ ನಡುವಯಸ್ಸಿನವರು. ಇನ್‌ಸ್ಟಾಗ್ರಾಮಿನಲ್ಲಿ ಬಾಲ್ಕನಿ ಚೆಂದ ಮಾಡಿಕೊಳ್ಳುವ ಹೆಂಗಸರು ಹೆಚ್ಚು. "ಗೃಹಿಣಿ" ಅನ್ನುವುದಂತೂ ಎರಡೂ ಕಡೆ ಇಲ್ಲ. ಯಾರಿಗೆ ಉದ್ಯೋಗ ಇದೆ, ಯಾರಿಗೆ ಇಲ್ಲ ಅಂತ ಆ ಆ್ಯಪ್‌ಗಳು ಹೇಳುವುದಿಲ್ಲ.

ಒಂದು ಪರಿಚಯದಲ್ಲಿ "ನನ್ನ ವೀಕ್ಷಕರು" ಅಂತ ಒಂದೇ ವಾಕ್ಯ ಇದ್ದರೆ ನನಗೆ ಅನುಮಾನ ಶುರುವಾಗುವುದು ಇಲ್ಲೇ. ಪ್ರತಿ ಜಾಗಕ್ಕೂ ಒಂದು ಸಾಲು ಬೇಕು. ಪಿಂಗಾಣಿ ಕುಂಡ ಮಾರುವವನು ಇನ್‌ಸ್ಟಾಗ್ರಾಮ್ ಸಾಲು ಓದಿ ಬರಲಿ, ಹನಿ ನೀರಾವರಿಯವನು ಯೂಟ್ಯೂಬ್ ಸಾಲು ಓದಿ ಬರಲಿ.

"ಕರ್ನಾಟಕದ" ಅನ್ನುವ ಮಾತೂ ಹೋಯಿತು. ನಾವು ತೆಗೆದ ಯೂಟ್ಯೂಬ್ ಲೆಕ್ಕ ದೇಶವಾರು. ಭಾರತ ಶೇ. 91. ಉಳಿದದ್ದು ಗಲ್ಫ್ ದೇಶಗಳು, ಅಮೆರಿಕ, ಹೀಗೆ ಹಂಚಿ ಹೋಗಿದೆ. ದುಬೈನ ಬಾಲ್ಕನಿಯಲ್ಲಿ ಪುದೀನ ಬೆಳೆಯುವ ಕನ್ನಡದವರು ಅಕ್ಕನಿಗೆ ಫೋಟೊ ಕಳಿಸುತ್ತಾರೆ. ಖುಷಿಯ ವಿಷಯ. ಆದರೆ ಮೈಸೂರಿನಿಂದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಕಳಿಸುವ ಅಂಗಡಿಗೆ ಆ ಶೇ. 9 ಗಿರಾಕಿಗಳಲ್ಲ. ಬೇರೆ ಬರೆದರೆ ಅವರೇ ಕಳೆದುಕೊಂಡು ಲೆಕ್ಕ ಹಾಕಿಕೊಳ್ಳುತ್ತಾರೆ.

ಎಂಗೇಜ್‌ಮೆಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶೇ. 8 ಬಂದದ್ದು ಒಂದೇ ಒಂದು ರೀಲ್‌ನಿಂದ. ಹಿಂದಿನ 12 ರೀಲ್‌ಗಳ ನಡುವಿನ ಲೆಕ್ಕ ತೆಗೆದರೆ ಲೈಕ್, ಕಾಮೆಂಟ್, ಸೇವ್, ಶೇರ್ ಎಲ್ಲ ಸೇರಿ ಒಂದಕ್ಕೆ 740. ಇದನ್ನು 41,000 ಫಾಲೋವರ್‌ಗಳಿಂದ ಭಾಗಿಸಿದರೆ ಶೇ. 1.8. ರೀಲ್ ತಲುಪಿದ 4,900 ಅಕೌಂಟ್‌ಗಳಿಂದ ಭಾಗಿಸಿದರೆ ಶೇ. 15. ಎರಡೂ ನಿಜ. ಯಾವುದರಿಂದ ಭಾಗಿಸಿದ್ದು ಅಂತ ಹೇಳದೆ ಬರೆದರೆ ಎರಡೂ ದಾರಿ ತಪ್ಪಿಸುತ್ತವೆ. ನಾವು ಶೇಕಡಾ ಬಿಟ್ಟು 740 ಮತ್ತು 4,900 ಅಂತ ಬರೆದೆವು. ಗ್ಯಾರಂಟಿ ಅನ್ನುವ ಪದ ತೆಗೆದೆವು.

ಸಂಜೆ ಕಾಫಿ ಆದಮೇಲೆ ಏಳು ಬ್ರ್ಯಾಂಡ್‌ಗಳಿಗೆ ಬಂದೆವು. ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದು. ವ್ಯೂ ತಪ್ಪಿದರೆ ಲೆಕ್ಕ ತಪ್ಪಿತು ಅನ್ನಬಹುದು. ಮಾಡದ ಕೆಲಸ ಮಾಡಿದೆ ಅಂದರೆ ಮಾತು ತಪ್ಪಿದಂತೆ. ಒಂದು ಹಾಳೆ ತೆಗೆದುಕೊಂಡು ಪ್ರತಿ ಹೆಸರಿನ ಮುಂದೆ ಅವರು ಏನು ಕೊಟ್ಟರು, ನೀವು ಏನು ಮಾಡಿದಿರಿ, ಅದಕ್ಕೆ ಮೇಲ್ ಅಥವಾ ಬಿಲ್ ಇದೆಯಾ ಅಂತ ಬರೆದೆವು.

ಒಂದು ಬೀಜದ ಕಂಪನಿ ಎರಡು ಸಲ ದುಡ್ಡು ಕೊಟ್ಟು ವಿಡಿಯೊ ಮಾಡಿಸಿತ್ತು. ಕೋಕೋಪೀಟ್ ಮಾರುವ ಊರಿನ ಅಂಗಡಿ ಒಂದು ಸಲ ದುಡ್ಡು ಕೊಟ್ಟಿತ್ತು. ಔಷಧ ಸಿಂಪಡಿಸುವ ಬ್ಯಾಟರಿ ಪಂಪ್‌ನ ಕಂಪನಿಯೊಂದು ಪಂಪ್ ಕಳಿಸಿತ್ತು, ದುಡ್ಡು ಕೊಟ್ಟಿರಲಿಲ್ಲ. ಪಂಪ್ ಅಕ್ಕನ ಬಳಿಯೇ ಉಳಿಯಿತು. ಹತ್ತಿರದ ನರ್ಸರಿಯವರು 20 ಸಸಿ ಕೊಟ್ಟಿದ್ದರು. ಐದನೆಯದು ದೊಡ್ಡ ಆನ್‌ಲೈನ್ ಅಂಗಡಿ. ಅಕ್ಕ ಅದರ ಅಫಿಲಿಯೇಟ್ ಲಿಂಕ್, ಅಂದರೆ ಅದರಿಂದ ಯಾರಾದರೂ ಕೊಂಡರೆ ಕಮಿಷನ್ ಸಿಗುವ ಲಿಂಕ್, ಹಾಕುತ್ತಾರೆ, ಅಷ್ಟೇ. ನೋಂದಾಯಿಸಿಕೊಂಡ ಯಾರು ಬೇಕಾದರೂ ಹಾಕಬಹುದು. ಆರನೆಯದು ಮೊಬೈಲ್ ಕಂಪನಿ. ಅದರ ಮಳಿಗೆ ಉದ್ಘಾಟನೆಗೆ ಹೋಗಿ ಸ್ಟೋರಿ ಹಾಕಿ ಟ್ಯಾಗ್ ಮಾಡಿದ್ದರು. ಏಳನೆಯದು ಮಿಕ್ಸಿ ಕಂಪನಿ. ಮಾತುಕತೆ ನಡೆದು ನಿಂತುಹೋಗಿತ್ತು. ಲೋಗೊ ಮಾತ್ರ ಕಿಟ್‌ನಲ್ಲಿ ಉಳಿದಿತ್ತು.

ಅಂದರೆ ದುಡ್ಡಿಗೆ ಮಾಡಿದ ಕೆಲಸ ಎರಡು ಕಂಪನಿಗೆ, ಮೂರು ವಿಡಿಯೊ. ವಸ್ತು ಪಡೆದು ಮಾಡಿದ್ದು ಎರಡು. ಉಳಿದ ಮೂರು ಲೆಕ್ಕಕ್ಕೆ ಬರುವುದಿಲ್ಲ. ಬ್ರ್ಯಾಂಡ್ ಕಡೆಯವರು ಒಬ್ಬರಿಗೊಬ್ಬರು ಗೊತ್ತಿರುತ್ತಾರೆ. ಏಜೆನ್ಸಿಯಲ್ಲಿದ್ದಾಗ ನಾನೇ ಎಷ್ಟೋ ಸಲ ಫೋನ್ ಎತ್ತಿ "ಇವರ ಜೊತೆ ಕೆಲಸ ಮಾಡಿದ್ದೀರಂತೆ, ಹೇಗಿತ್ತು?" ಅಂತ ಕೇಳಿದ್ದೇನೆ. "ಯಾರು? ನೆನಪಿಲ್ಲವಲ್ಲ" ಅನ್ನುವ ಉತ್ತರ ಬಂದರೆ ಆ ಹೆಸರು ಅಲ್ಲಿಗೆ ಪಟ್ಟಿಯಿಂದ ಹೋಗುತ್ತಿತ್ತು.

ವಸ್ತು ಪಡೆದದ್ದನ್ನು ಬೇರೆ ಬರೆಯಲು ಅಕ್ಕನಿಗೆ ಮುಜುಗರ ಆಯಿತು. ಪುಕ್ಕಟೆ ಕೆಲಸ ಮಾಡಿದವಳು ಅಂತ ತಿಳಿದು ಮುಂದಿನವರೂ ಪುಕ್ಕಟೆ ಕೇಳುತ್ತಾರೆ ಅನ್ನುವ ಭಯ. ಆ ಭಯ ಸುಮ್ನೆ ಅಲ್ಲ, ಕೇಳುವವರು ಇದ್ದೇ ಇದ್ದಾರೆ. ಆದರೆ ದುಡ್ಡಿನ ಕೆಲಸದ ಜೊತೆ ಸೇರಿಸಿ ಬರೆದರೆ, ಬ್ಯಾಟರಿ ಪಂಪ್ ಕಂಪನಿ ನಿಮಗೆ ಫೀಸ್ ಕೊಟ್ಟಿತು ಅಂತ ಓದುವವರು ನಂಬುತ್ತಾರೆ. ಹಾಗೆ ನಂಬಿಸುವುದು ಸುಳ್ಳೇ. "ವಸ್ತು ಪಡೆದು ಮಾಡಿದ ವಿಡಿಯೊ" ಅಂತ ಬರೆದು, ಇಂಥ ಕೆಲಸ ಈಗ ತೆಗೆದುಕೊಳ್ಳುವುದಿಲ್ಲ ಅಂತ ಸೇರಿಸಿದೆವು. ಅವರ ತೀರ್ಮಾನವೂ ಅದೇ ಆಗಿತ್ತು.

ಇಲ್ಲಿ ಒಂದು ಹಳೇ ತಪ್ಪು ಕಣ್ಣಿಗೆ ಬಿತ್ತು. ಪಂಪ್ ಮತ್ತು ಸಸಿಯ ವಿಡಿಯೊಗಳಲ್ಲಿ ಪುಕ್ಕಟೆ ಸಿಕ್ಕಿತು ಅಂತ ಎಲ್ಲೂ ಹೇಳಿರಲಿಲ್ಲ. ದುಡ್ಡು ತೆಗೆದುಕೊಂಡರೆ ಮಾತ್ರ ಹೇಳಬೇಕು ಅಂತ ಅಕ್ಕ ತಿಳಿದಿದ್ದರು. ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, 2021ರಲ್ಲಿ ತಂದ ನಿಯಮದಲ್ಲಿ ಪುಕ್ಕಟೆ ವಸ್ತುವೂ ವೀಕ್ಷಕರಿಗೆ ಹೇಳಲೇಬೇಕಾದ ಸಂಬಂಧವೇ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಅದನ್ನೇ ಹೇಳುತ್ತದೆ. ವಿಡಿಯೊ ಕೆಳಗಿನ ವಿವರಣೆಯಲ್ಲಿ ಮಾತ್ರ ಬರೆದರೆ ಸಾಲದು, ವಿಡಿಯೊ ಒಳಗೇ ತಿಳಿಸಬೇಕು. ಹಾಕಿಯಾದ ವಿಡಿಯೊದಲ್ಲಿ ಹೊಸ ಮಾತು ಸೇರಿಸಲು ಬರುವುದಿಲ್ಲ. ಅಕ್ಕ ಎರಡಕ್ಕೂ ಸ್ಟುಡಿಯೊದಲ್ಲಿ ಪೇಯ್ಡ್ ಪ್ರಮೋಷನ್ ಗುರುತು ಹಾಕಿದರು. ಅದರಿಂದ ವಿಡಿಯೊ ಶುರುವಿನಲ್ಲಿ ಸೂಚನೆ ಕಾಣುತ್ತದೆ. ವಿವರಣೆಯ ಮೊದಲ ಸಾಲಿನಲ್ಲಿ, ಪಿನ್ ಮಾಡಿದ ಕಾಮೆಂಟಿನಲ್ಲಿ ಕನ್ನಡದಲ್ಲೇ ಬರೆದರು. ಪಂಪ್‌ನ ವಿಡಿಯೊ ಆಮೇಲೆ ಮತ್ತೆ ಚಿತ್ರೀಕರಿಸಿ, ಹಳೆಯದನ್ನು ತೆಗೆದರು. ಪರಿಚಯದಲ್ಲಿ ಒಂದು ಕೆಲಸದ ಹೆಸರು ಹಾಕುವ ಮುಂಚೆ ಆ ವಿಡಿಯೊ ತೆರೆದು ನೋಡಬೇಕು. ಲಿಂಕ್ ಒತ್ತಿದ ಬ್ರ್ಯಾಂಡ್‌ನವರಿಗೆ ಮೊದಲು ಕಾಣುವುದು ಅದೇ.

ಫಲಿತಾಂಶದ ಮಾತು ಬಂದಾಗ ನಮ್ಮಿಬ್ಬರಿಗೂ ಸ್ವಲ್ಪ ವಾದ ಆಯಿತು. ಬೀಜದ ಕಂಪನಿ ಕೊಟ್ಟ ಕೂಪನ್ ಕೋಡ್‌ನಿಂದ ಮೊದಲ ವಿಡಿಯೊಗೆ 30 ದಿನದಲ್ಲಿ 64 ಆರ್ಡರ್ ಬಂದಿತ್ತು. ಆ ವಿಡಿಯೊ ನೋಡಿದವರು ಸುಮಾರು 11,000. ಅವರೇ ಮತ್ತೆ ಬಂದು ಎರಡನೇ ವಿಡಿಯೊ ಮಾಡಿಸಿದರು. ಕೋಕೋಪೀಟ್ ಅಂಗಡಿಗೆ ಬಂದ ಆರ್ಡರ್ ನಾಲ್ಕು. ಕೋಕೋಪೀಟ್‌ನ ಐದು ಕೆಜಿ ಇಟ್ಟಿಗೆಗೆ ಸಾಗಾಣಿಕೆ ಖರ್ಚು ಜಾಸ್ತಿಯಾಗಿ ಜನ ಹಿಂದೆ ಸರಿದರು. 64 ಬರೆಯೋಣ, ನಾಲ್ಕು ಬಿಡೋಣ ಅಂದರು ಅಕ್ಕ. ಸೋತ ಕೆಲಸವನ್ನು ಪರಿಚಯದಲ್ಲೇ ಬರೆಯಬೇಕು ಅಂತ ನಾನೂ ಹೇಳುವುದಿಲ್ಲ. ಜಾಗ ಕಡಿಮೆ, ಮೇಲಾಗಿ ಅದು ಅಂಗಡಿಯವರ ಗುಟ್ಟು ಕೂಡ. ಆದರೆ "ನನ್ನ ವಿಡಿಯೊಗಳಿಂದ 64 ಆರ್ಡರ್ ಬರುತ್ತವೆ" ಅನ್ನುವ ಧಾಟಿ ಬರಬಾರದು. "ಒಂದು ವಿಡಿಯೊದಲ್ಲಿ" ಅನ್ನುವುದು ಇರಲೇಬೇಕು. ಬೇರೆಯದು ಹೇಗಾಯಿತು ಅಂತ ಕೇಳಿದರೆ ಆರ್ಡರ್ ಕಡಿಮೆ ಬಂತು, ಕಾರಣ ಇದು ಅಂತ ಹೇಳಬೇಕು. ಸಂಖ್ಯೆ ಹಾಕುವ ಮುಂಚೆ ಬೀಜದ ಕಂಪನಿಯ ಒಪ್ಪಿಗೆ ಮೇಲ್‌ನಲ್ಲಿ ಕೇಳಿದೆವು. ಹೆಸರು ಮತ್ತು ಸಂಖ್ಯೆ ಹಾಕಬಹುದು, ಲೋಗೊ ಬೇಡ ಅಂದರು. ಲೋಗೊ ಬಿಟ್ಟೆವು.

ಕೊನೆಗೆ ಉಳಿದದ್ದು "ಗಾರ್ಡನಿಂಗ್ ಮತ್ತು ಲೈಫ್‌ಸ್ಟೈಲ್". ಹಿಂದಿನ 60 ವಿಡಿಯೊದ ಶೀರ್ಷಿಕೆ ಎಣಿಸಿದೆವು. ತರಕಾರಿ ಬೆಳೆಯುವುದು 41, ಮಣ್ಣು ಗೊಬ್ಬರ 11, ಹೂವಿನ ಗಿಡ 5, ಸೀರೆ ಪ್ರವಾಸ ಇತ್ಯಾದಿ 3. ಲೈಫ್‌ಸ್ಟೈಲ್ ಅಂತ ಬರೆದರೆ ಎಲ್ಲ ಬ್ರ್ಯಾಂಡ್‌ಗೂ ಬಾಗಿಲು ತೆರೆದ ಹಾಗೆ ಅಂತ ಅಕ್ಕ ಅಂದುಕೊಂಡಿದ್ದರು. 60ರಲ್ಲಿ ಮೂರು ಇರುವ ವಿಷಯವನ್ನು ಹೆಸರಿನ ಪಕ್ಕ ಹಾಕಿದರೆ ಹಾಗೆ ಬಂದ ಸೌಂದರ್ಯ ಸಾಧನದ ಕಂಪನಿಗೆ ತೋರಿಸಲು ಏನಿದೆ? ಅದನ್ನು ಬಿಟ್ಟು ಅಕ್ಕನಿಗೆ ಮಾತ್ರ ಇರುವ ಒಂದು ವಿಷಯ ಸೇರಿಸಿದೆವು. ಬೀಜ ಹಾಕಿ, ಗಿಡ ಕಾಯಿ ಬಿಡುವವರೆಗೂ ಕಾದು ವಿಡಿಯೊ ಮಾಡುತ್ತಾರೆ. ಬೆಂಡೆಗೇ ಒಂದೂವರೆ ಎರಡು ತಿಂಗಳು ಬೇಕು. ಒಂದು ವಾರದಲ್ಲಿ ವಿಡಿಯೊ ಬೇಕು ಅನ್ನುವ ಕಂಪನಿಗೆ ಇದು ಆಗುವುದಿಲ್ಲ. ಅದನ್ನು ಮೊದಲೇ ಬರೆದುಬಿಟ್ಟರೆ ಇಬ್ಬರ ಸಮಯವೂ ಉಳಿಯುತ್ತದೆ.

ರಾತ್ರಿ ಎಂಟರ ಹೊತ್ತಿಗೆ ಹೊಸ ಪರಿಚಯ ಸಿದ್ಧವಾಯಿತು. ಮೊದಲು ಕನ್ನಡದಲ್ಲೇ ಬರೆದೆವು, ಇಂಗ್ಲಿಷ್ ಪ್ರತಿ ಆಮೇಲೆ ಮಾಡಿದ್ದು. ಕಂಪನಿಯ ಹೆಸರು ತೆಗೆದು ಇಲ್ಲಿ ಕೊಡುತ್ತಿದ್ದೇನೆ:

"ಮೈಸೂರಿನ ನನ್ನ ಮನೆಯ ತಾರಸಿಯಲ್ಲಿ ತರಕಾರಿ ಬೆಳೆದು, ಬೆಳೆಯುವ ರೀತಿಯನ್ನು ಕನ್ನಡದಲ್ಲಿ ತೋರಿಸುತ್ತೇನೆ. ಯೂಟ್ಯೂಬ್: 86,000 ಸಬ್‌ಸ್ಕ್ರೈಬರ್. ಒಂದು ಉದ್ದ ವಿಡಿಯೊಗೆ ಮೊದಲ 30 ದಿನದಲ್ಲಿ ಮುಂಗಾರಿನ ಹೊತ್ತಿಗೆ ಸುಮಾರು 9,400, ವರ್ಷದ ಶುರುವಿನಲ್ಲಿ ಸುಮಾರು 6,800 ವ್ಯೂ (2025ರ ಮೇ–ಜುಲೈ ಮತ್ತು ಜನವರಿ–ಮಾರ್ಚ್, ತಲಾ 12 ವಿಡಿಯೊಗಳ ನಡುವಿನ ಸಂಖ್ಯೆ. ಮುಂಗಾರಿನಲ್ಲಿ ಕಡಿಮೆ 5,900, ಜಾಸ್ತಿ 41,000). ಉದ್ದ ವಿಡಿಯೊಗಳ ವ್ಯೂನಲ್ಲಿ ಶೇ. 38 ಹುಡುಕಾಟದಿಂದ ಬರುತ್ತದೆ. ಶೇ. 75 ಜನ 35 ದಾಟಿದವರು, ಗಂಡಸರು ಶೇ. 61 (ಲಾಗಿನ್ ಅಕೌಂಟ್ ಲೆಕ್ಕ), ಭಾರತದಿಂದ ಶೇ. 91. ಇನ್‌ಸ್ಟಾಗ್ರಾಮ್: 41,000 ಫಾಲೋವರ್, ಹೆಂಗಸರು ಶೇ. 68, ಬೆಂಗಳೂರು ಶೇ. 31. ಒಂದು ರೀಲ್ ಸುಮಾರು 4,900 ಅಕೌಂಟ್ ತಲುಪುತ್ತದೆ, 740 ಪ್ರತಿಕ್ರಿಯೆ. ದುಡ್ಡು ಪಡೆದು ಮಾಡಿದ ಕೆಲಸ: ಬೀಜದ ಕಂಪನಿ (ಎರಡು ವಿಡಿಯೊ), ಕೋಕೋಪೀಟ್ ಅಂಗಡಿ (ಒಂದು). ಬೀಜದ ಒಂದು ವಿಡಿಯೊದಲ್ಲಿ ಕೂಪನ್‌ನಿಂದ 30 ದಿನದಲ್ಲಿ 64 ಆರ್ಡರ್. ವಸ್ತು ಪಡೆದು ಎರಡು ವಿಡಿಯೊ ಮಾಡಿದ್ದೇನೆ, ಈಗ ತೆಗೆದುಕೊಳ್ಳುವುದಿಲ್ಲ. ಬೀಜ, ಗೊಬ್ಬರವನ್ನು ಬಳಸಿ ನೋಡಿದ ಮೇಲೆ ಮಾತ್ರ ವಿಡಿಯೊ, ಅದಕ್ಕೆ ಎರಡು ತಿಂಗಳು ಬೇಕು. ಪ್ರಚಾರ ಅಂತ ವಿಡಿಯೊದಲ್ಲೇ ಹೇಳುತ್ತೇನೆ. ಅಂಕಿ ತೆಗೆದದ್ದು: 2025 ಸೆಪ್ಟೆಂಬರ್."

ಶಾರ್ಟ್ಸ್ ಇದರಲ್ಲಿ ಇಲ್ಲ, ಗಮನಿಸಿದಿರಾ? ಅಕ್ಕ ಶಾರ್ಟ್ಸ್‌ನಲ್ಲಿ ಪ್ರಚಾರ ಮಾಡುವುದಿಲ್ಲ. ಮಾರದ ವಸ್ತುವಿನ ತೂಕ ಹೇಳಿ ಏನು ಉಪಯೋಗ ಅಂತ ಬಿಟ್ಟೆವು. ಯಾರಾದರೂ ಕೇಳಿದರೆ ಎರಡೂ ಎಣಿಕೆ ಕೊಡಲು ಬೇರೆ ಹಾಳೆಯಲ್ಲಿದೆ.

ಈ ಕಿಟ್ ಐದು ಕಡೆ ಹೋಯಿತು. ಇಬ್ಬರು ಉತ್ತರಿಸಲಿಲ್ಲ. ಒಬ್ಬರು ನಮಗೆ ಕನಿಷ್ಠ 25,000 ವ್ಯೂ ಬೇಕು, ನಿಮ್ಮದು ಚಿಕ್ಕ ಚಾನೆಲ್ ಅಂದರು. ಅದು ನ್ಯಾಯವಾದ ಉತ್ತರ. ಒಬ್ಬರು ಎರಡು ತಿಂಗಳು ಕಾಯಲು ಆಗುವುದಿಲ್ಲ ಅಂದರು. ಐದನೆಯವರು ಜೈವಿಕ ಗೊಬ್ಬರದವರು. ಅವರು ಹುಡುಕಿ ಬರುವವರ ಶೇ. 38ರ ಸಾಲನ್ನೇ ಹಿಡಿದು ಮಾತಾಡಿದರು. ಸ್ಕ್ರೀನ್ ರೆಕಾರ್ಡಿಂಗ್ ಕೇಳಿದರು. ಅಕ್ಕ ಕಳಿಸಿದರು. ಮರುದಿನ ಫೋನ್ ಬಂತು. ಕಿಟ್‌ನಲ್ಲಿದ್ದದ್ದೇ ಸ್ಕ್ರೀನಿನಲ್ಲೂ ಇದ್ದದ್ದರಿಂದ ಆ ಬಗ್ಗೆ ಮಾತೇ ಬರಲಿಲ್ಲವಂತೆ, ಸೀದಾ ಯಾವ ಬೆಳೆಗೆ ಹಾಕುವುದು ಅಂತ ಶುರುವಾಯಿತಂತೆ. ಇನ್‌ಸ್ಟಾಗ್ರಾಮ್ ಬೇಡ, ಯೂಟ್ಯೂಬಿನಲ್ಲಿ ಎರಡು ವಿಡಿಯೊ ಅಂತ ಮಾತಾಯಿತು. ಅಕ್ಕ ಮೊದಲು ಕೇಳಬೇಕೆಂದಿದ್ದ ಮೊತ್ತಕ್ಕಿಂತ ಫೀಸ್ ಕಡಿಮೆ. ಬೀಜದ ಕಂಪನಿ ಕೊಟ್ಟಿದ್ದಕ್ಕಿಂತ ಜಾಸ್ತಿ.

ಜನವರಿ ಮೊದಲ ವಾರ ಅಕ್ಕ ಒಂದು ಫೋಟೊ ಕಳಿಸಿದರು. ನೋಟ್‌ಬುಕ್ ಹಾಳೆಯಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ 12 ಸಂಖ್ಯೆ, ಮಧ್ಯದ ಎರಡಕ್ಕೆ ಪೆನ್ಸಿಲ್ ಸುತ್ತು. ನಡುವಿನ ಸಂಖ್ಯೆ 7,600 ಬಂದಿತ್ತು. ಕಿಟ್‌ನಲ್ಲಿ ಅದನ್ನೂ ಸೇರಿಸಿ ಕೆಳಗಿನ ತಿಂಗಳು ಬದಲಿಸಿದ್ದರು. ಜೊತೆಗೊಂದು ಸಾಲು: "ಇಳಿದಿದೆ ಕಣಪ್ಪ. ಹೀರೆ ಮಾತ್ರ ಚೆನ್ನಾಗಿ ಬಂದಿದೆ, ಬಂದು ತಗೊಂಡು ಹೋಗು."